ಬೋರರ್ ಹಿಡಿದ ಗಿಡ ನೋಡಲು ಹೆದರುವಾಗ: ಒಂದು ಹಾಳೆ, ಎರಡು ಗೆರೆಗಳಲ್ಲಿ ‘ಆಕ್ಟ್’ ಚಿಕಿತ್ಸೆಯ ಮೊದಲ ಪಾಠ

ಸಕಲೇಶಪುರದ ಕಡೆ ನಾಲ್ಕು ಎಕರೆ ಅರೇಬಿಕಾ ಕಾಫಿ ತೋಟವಿರುವ ಒಬ್ಬ ಬೆಳೆಗಾರನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಯಸ್ಸು 42. ಬ್ಯಾಂಕಿನಲ್ಲಿ ಬೆಳೆ ಸಾಲವಿದೆ, ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಕಲ್ಪಿತ ವ್ಯಕ್ತಿಯೇ, ಆದರೆ ಈ ಭಾಗದಲ್ಲಿ ಇಂಥವರು ಸಿಗದ ಊರಿಲ್ಲ.

ಸೆಪ್ಟೆಂಬರ್ ತಿಂಗಳು. ಬೋರರ್, ಅಂದರೆ ಬಿಳಿ ಕಾಂಡಕೊರಕ ಹೊಕ್ಕ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕಾದ ಕಾಲ. ಅವನು ಕೆಳಗಿನ ತೋಟಕ್ಕೆ ಇಳಿದು ಮೂರು ವಾರವಾಗಿದೆ. ಇಳಿದರೆ ಹಳದಿಗೆ ತಿರುಗಿದ ಎಲೆ ಕಾಣುತ್ತದೆ, ಕಾಂಡದ ಸುತ್ತ ಉಬ್ಬಿದ ಗೆರೆ ಕಾಣುತ್ತದೆ. ಕಂಡ ಕೂಡಲೇ ಎದೆ ಬಿಗಿಯುತ್ತದೆ, ‘ಅಪ್ಪ ಕಟ್ಟಿದ ತೋಟ ನನ್ನ ಕೈಯಲ್ಲಿ ಹಾಳಾಯ್ತು’ ಎಂಬ ಮಾತು ತಲೆಯೊಳಗೆ ಶುರುವಾಗುತ್ತದೆ. ಇಳಿಯದಿದ್ದರೆ ಇವೆರಡೂ ಇಲ್ಲ. ಹಾಗಾಗಿ ಬೆಳಿಗ್ಗೆ ‘ಪೇಟೆಯಲ್ಲಿ ಸ್ವಲ್ಪ ಕೆಲಸ ಇದೆ’ ಎಂದು ಬೈಕ್ ಹತ್ತುತ್ತಾನೆ, ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡುತ್ತಾನೆ. ಅಕ್ಟೋಬರ್ ಬಂತೆಂದರೆ ಕಾಂಡದೊಳಗಿನ ಹುಳು ದುಂಬಿಯಾಗಿ ಹೊರಬಂದು ಚೆನ್ನಾಗಿರುವ ಗಿಡಗಳ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡಲು ಶುರು ಮಾಡುತ್ತದೆ. ಹತ್ತು ಗಿಡದ ತೊಂದರೆ ಬರುವ ವರ್ಷ ಎಷ್ಟೋ ಗಿಡಗಳ ತೊಂದರೆಯಾಗುತ್ತದೆ. ಆಗ ತೋಟಕ್ಕೆ ಇಳಿಯುವುದು ಇನ್ನೂ ಕಷ್ಟ.

ಈ ಗಂಟನ್ನು ಬಿಡಿಸಲಿಕ್ಕೆಂದೇ ಇರುವ ಮನೋಚಿಕಿತ್ಸೆ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ. ಚಿಕ್ಕದಾಗಿ ‘ಆಕ್ಟ್’ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು 1980ರ ದಶಕದಿಂದ ಇದನ್ನು ಬೆಳೆಸಿದರು. ಚಿಕಿತ್ಸೆಯನ್ನು ಪೂರ್ತಿಯಾಗಿ ವಿವರಿಸುವ ಮೊದಲ ಪುಸ್ತಕ 1999ರಲ್ಲಿ ಬಂತು. ಇದರ ಗುರಿ ಹೆದರಿಕೆಯನ್ನು ಓಡಿಸುವುದಲ್ಲ. ಹೆದರಿಕೆ, ಬೇಸರ, ನಾಚಿಕೆ ಒಳಗೆ ಇರುವಾಗಲೂ ಎದುರಿಗೆ ಏನಿದೆ ಎಂದು ಸರಿಯಾಗಿ ನೋಡಿ, ನಮಗೆ ಮುಖ್ಯವಾದದ್ದರ ಕಡೆ ಕಾಲಿಡುವ ಶಕ್ತಿಯನ್ನು ಬೆಳೆಸುವುದು. ಇಟ್ಟ ಹೆಜ್ಜೆ ಕೆಲಸಕ್ಕೆ ಬಾರದಿದ್ದರೆ ಅದನ್ನು ಬದಲಾಯಿಸುವುದೂ ಇದರಲ್ಲೇ ಸೇರುತ್ತದೆ. ಇದಕ್ಕೆ ಮಾನಸಿಕ ನಮ್ಯತೆ ಎಂದು ಹೆಸರು. ಪಠ್ಯದಲ್ಲಿ ಇದನ್ನು ಆರು ಭಾಗ ಮಾಡಿ ಕಲಿಸುತ್ತಾರೆ. ಹೊಸಬರಿಗೆ ಆರೂ ಬೇಕಿಲ್ಲ. ಮೌಲ್ಯ, ಯೋಚನೆಯಿಂದ ದೂರ ನಿಲ್ಲುವುದು, ಸ್ವೀಕಾರ, ಬದ್ಧ ಕ್ರಿಯೆ ಎಂಬ ನಾಲ್ಕು ಹಿಡಿದುಕೊಂಡರೆ ಶುರು ಮಾಡಬಹುದು.

ಹಾಳೆ ಸಿದ್ಧ ಮಾಡುವುದು

ನೋಟ್‌ಬುಕ್ಕಿನ ಒಂದು ಹಾಳೆ, ಒಂದು ಪೆನ್ನು, ಇಪ್ಪತ್ತು ನಿಮಿಷ ಬೇಕು. ಹಾಳೆಯ ನಡುವೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಎಳೆಯಿರಿ. ನಾಲ್ಕು ಮನೆಗಳಾದವು. ಅಡ್ಡ ಗೆರೆಯ ಕೆಳಗಿರುವುದು ನಿಮಗೆ ಮಾತ್ರ ಗೊತ್ತಾಗುವ ಒಳಗಿನ ಸಂಗತಿ. ಮೇಲಿರುವುದು ಬೇರೆಯವರೂ ಕಣ್ಣಿಂದ ನೋಡಬಹುದಾದ ಕೆಲಸ. ಬಲಗಡೆ ಮುಖ್ಯವಾದದ್ದರತ್ತ ಹೋಗುವುದು, ಎಡಗಡೆ ಬೇಡವಾದ ಭಾವನೆಯಿಂದ ತಪ್ಪಿಸಿಕೊಳ್ಳುವುದು. ಆಕ್ಟ್ ಕಲಿಸುವವರು ಇದನ್ನು ಮ್ಯಾಟ್ರಿಕ್ಸ್ ಎನ್ನುತ್ತಾರೆ.

ಬರೆಯುವ ಕ್ರಮ ಹೀಗಿರಲಿ. ಮೊದಲು ಕೆಳಗಿನ ಬಲ ಮನೆ: ಯಾರು, ಏನು ನನಗೆ ಮುಖ್ಯ? ನಮ್ಮ ಬೆಳೆಗಾರ ಬರೆಯುತ್ತಾನೆ: ಹೆಂಡತಿ, ಮಗಳು, ತೋಟ. ಎರಡನೆಯದು ಕೆಳಗಿನ ಎಡ ಮನೆ: ಅವುಗಳ ಹತ್ತಿರ ಹೋಗಲು ಹೊರಟಾಗ ಒಳಗೆ ಏನು ಎದ್ದು ಅಡ್ಡ ನಿಲ್ಲುತ್ತದೆ? ಎದೆ ಬಿಗಿತ, ಹೊಟ್ಟೆಯಲ್ಲಿ ಕಳವಳ, ‘ನನ್ನ ಕೈಯಲ್ಲಿ ಹಾಳಾಯ್ತು’, ‘ಸಾಲ ತೀರುವುದಿಲ್ಲ’, ಅಪ್ಪನ ನೆನಪು. ಮೂರನೆಯದು ಮೇಲಿನ ಎಡ ಮನೆ: ಅವು ಬಂದಾಗ ನಾನು ಏನು ಮಾಡುತ್ತೇನೆ? ಪೇಟೆಗೆ ಹೋಗುವುದು, ಮೊಬೈಲ್, ಬ್ಯಾಂಕಿನಿಂದ ಬಂದ ಲಕೋಟೆ ಒಡೆಯದೆ ಬೀರುವಿನಲ್ಲಿ ಇಡುವುದು, ಹೆಂಡತಿ ಲೆಕ್ಕ ಕೇಳಿದರೆ ರೇಗುವುದು. ಕೊನೆಗೆ ಮೇಲಿನ ಬಲ ಮನೆ: ಮುಖ್ಯವಾದದ್ದರ ಕಡೆ ಹೋಗುತ್ತಿದ್ದರೆ ನಾನು ಏನು ಮಾಡುತ್ತಿರುವುದು ಕಾಣುತ್ತಿತ್ತು? ಈ ಮನೆಯನ್ನು ಸದ್ಯಕ್ಕೆ ಖಾಲಿ ಬಿಡಿ. ಈಗಲೇ ತುಂಬಿಸಿದರೆ ‘ಧೈರ್ಯವಾಗಿರಬೇಕು’, ‘ಚೆನ್ನಾಗಿ ದುಡಿಯಬೇಕು’ ಎಂಬಂಥ ಗಾಳಿಯ ಮಾತುಗಳೇ ಬರುತ್ತವೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ಕೆಳಗಿನ ಎಡ ಮನೆಯಲ್ಲಿ ಹೊರಗಿನ ಸಂಗತಿ ಬರೆಯುವುದು: ‘ಕಾಫಿ ರೇಟು ಬಿದ್ದಿದೆ’, ‘ಆಳು ಸಿಗುವುದಿಲ್ಲ’. ಅವು ನಿಜವೇ, ಆದರೆ ಆ ಮನೆಗೆ ಸೇರಿದವಲ್ಲ. ರೇಟು ಬಿದ್ದದ್ದು ಕೇಳಿದಾಗ ನಿಮ್ಮೊಳಗೆ ಏನಾಯಿತು ಎಂಬುದು ಅಲ್ಲಿಗೆ ಬೇಕು.

ಎಡಗಡೆಯ ಲೆಕ್ಕ ನೋಡುವುದು

ಮೇಲಿನ ಎಡ ಮನೆಯ ಒಂದೊಂದು ಕೆಲಸಕ್ಕೂ ಮೂರು ಪ್ರಶ್ನೆ ಕೇಳಿ. ಇದನ್ನು ಮಾಡಿದಾಗ ಆ ಕ್ಷಣಕ್ಕೆ ಹಗುರವಾಯಿತೇ? ತಿಂಗಳು ಕಳೆದ ಮೇಲೆ ಒಳಗಿನದ್ದು ಕಡಿಮೆಯಾಯಿತೇ? ಅಷ್ಟರಲ್ಲಿ ಕೆಳಗಿನ ಬಲ ಮನೆಯಲ್ಲಿ ಬರೆದದ್ದಕ್ಕೆ ಏನಾಯಿತು?

ಲಕೋಟೆಯ ವಿಷಯವನ್ನೇ ನೋಡಿ. ಬೀರುವಿನಲ್ಲಿಟ್ಟ ಕೂಡಲೇ ಹಗುರ, ಹೌದು. ತಿಂಗಳಾದ ಮೇಲೆ ಕಡಿಮೆಯೇ? ಇಲ್ಲ, ಈಗ ಬೀರು ತೆಗೆಯಲೂ ಕಳವಳ. ಹೆಂಡತಿಗೆ ವಿಷಯ ಮುಚ್ಚಿಟ್ಟದ್ದರಿಂದ ಇಬ್ಬರ ನಡುವೆ ಮಾತು ಕಡಿಮೆಯಾಗಿದೆ. ಮೊದಲ ಉತ್ತರ ‘ಹೌದು’ ಆಗಿರುವುದರಿಂದಲೇ ಈ ಅಭ್ಯಾಸ ಬಿಡುವುದಿಲ್ಲ. ತಕ್ಷಣ ಸಿಗುವ ನಿರಾಳವೇ ಅದರ ಕೂಲಿ, ನಷ್ಟ ಬರುವುದು ತಡವಾಗಿ. ಅವನು ಸೋಮಾರಿಯಲ್ಲ, ಯಾರಿಗಾದರೂ ಈ ಲೆಕ್ಕ ಹೀಗೇ ಕೂಡುತ್ತದೆ.

ತಪ್ಪಿಸಿಕೊಳ್ಳುವುದೆಲ್ಲ ಕೆಟ್ಟದ್ದು ಎಂದುಕೊಳ್ಳಬೇಡಿ. ತಲೆನೋವಿಗೆ ಮಾತ್ರೆ ನುಂಗಿದರೆ, ದುಡಿದು ಬಂದು ಅರ್ಧ ಗಂಟೆ ಮೊಬೈಲ್ ನೋಡಿದರೆ ಏನೂ ಆಗುವುದಿಲ್ಲ. ಮೂರನೇ ಪ್ರಶ್ನೆಯಲ್ಲಿ ನಷ್ಟ ಕಂಡರೆ ಮಾತ್ರ ಆ ಕೆಲಸಕ್ಕೆ ಒಂದು ಗುರುತು ಹಾಕಿ.

ಮೌಲ್ಯವನ್ನು ಸರಿಯಾಗಿ ಬರೆಯುವುದು

ಹೊಸಬರು ಹೆಚ್ಚು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ. ‘ಹೆಂಡತಿ, ಮಗಳು, ತೋಟ’ ಎಂಬುದು ಯಾರ, ಯಾವುದರ ವಿಷಯ ಎಂದಷ್ಟೇ ಹೇಳುತ್ತದೆ. ಅವರೊಂದಿಗೆ, ಅದರೊಂದಿಗೆ ನಾನು ಹೇಗೆ ನಡೆದುಕೊಳ್ಳಬೇಕೆಂದು ಬಯಸುತ್ತೇನೆ ಎಂಬುದು ಮೌಲ್ಯ. ಗುರಿಗೂ ಮೌಲ್ಯಕ್ಕೂ ಇರುವ ವ್ಯತ್ಯಾಸ, ಊರಿಗೂ ದಿಕ್ಕಿಗೂ ಇರುವಂಥದ್ದು. ಹಾಸನದಿಂದ ಹೊರಟರೆ ಸಕಲೇಶಪುರ ಮುಟ್ಟಿ ಮುಗಿಯಿತು ಎನ್ನಬಹುದು. ಪಶ್ಚಿಮವನ್ನು ಮುಟ್ಟಿ ಮುಗಿಸಲು ಆಗುವುದಿಲ್ಲ, ಆದರೆ ಇಡುವ ಮೊದಲ ಹೆಜ್ಜೆಯಲ್ಲೇ ಪಶ್ಚಿಮಕ್ಕೆ ನಡೆಯುತ್ತಿರಬಹುದು. ‘ಸಾಲ ತೀರಿಸುವುದು’ ಗುರಿ. ‘ಹಣದ ವಿಷಯದಲ್ಲಿ ಹೆಂಡತಿಗೆ ಮುಚ್ಚುಮರೆ ಮಾಡದವನಾಗಿರುವುದು’ ಮೌಲ್ಯ. ಸಾಲ ತೀರಲು ವರ್ಷಗಳು ಬೇಕು, ಎರಡನೆಯದನ್ನು ಇವತ್ತು ರಾತ್ರಿಯ ಊಟ ಮುಗಿದ ಮೇಲೆ ಮಾಡಬಹುದು.

ಬರೆದದ್ದು ಮೌಲ್ಯವೇ ಎಂದು ಪರೀಕ್ಷಿಸಲು ಮೂರು ಸೋಸುಗಳಿವೆ.

ಮೊದಲನೆಯದು, ಅದು ಭಾವನೆಯಾಗಿರಬಾರದು. ‘ನೆಮ್ಮದಿಯಾಗಿರುವುದು’ ಎಂದು ಬರೆದರೆ ಅದನ್ನು ಮಾಡುವುದು ಹೇಗೆ? ನೆಮ್ಮದಿ ಬಂದರೂ ಬರಬಹುದು, ಬಾರದಿದ್ದರೂ ಇರಬಹುದು, ನಿಮ್ಮ ಕೈಯಲ್ಲಿಲ್ಲ.

ಎರಡನೆಯದು, ಅದು ಇನ್ನೊಬ್ಬರ ಮೇಲೆ ನಿಂತಿರಬಾರದು. ‘ಮಗಳು ಒಳ್ಳೆ ಅಂಕ ತೆಗೆಯಬೇಕು’ ನಿಮ್ಮ ಆಸೆ, ಮಾಡಬೇಕಾದವಳು ಅವಳು. ‘ಅವಳು ಮಾತಾಡುವಾಗ ಕಿವಿಗೊಟ್ಟು ಕೇಳುವ ಅಪ್ಪನಾಗಿರುವುದು’ ಎಂದು ತಿರುಗಿಸಿ ಬರೆದರೆ ನಿಮ್ಮ ಕೈಗೆ ಬರುತ್ತದೆ. ‘ಊರಿನವರು ಏನೂ ಅನ್ನಬಾರದು’ ಎಂಬುದೂ ಇದೇ ಸೋಸಿನಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಕಡೆ ಮೌಲ್ಯ ಎಂದು ಬರೆದದ್ದರಲ್ಲಿ ಅರ್ಧ ಇಂಥದ್ದೇ ಇರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದಿದ್ದರೂ ಇದನ್ನು ಮಾಡುತ್ತಿದ್ದೆನೇ ಎಂದು ಕೇಳಿಕೊಂಡರೆ ಅದು ಹೊರಬೀಳುತ್ತದೆ.

ಮೂರನೆಯದಕ್ಕೆ ಹೆಣದ ಪರೀಕ್ಷೆ ಎನ್ನಬಹುದು. ವರ್ತನೆಯನ್ನು ಅಧ್ಯಯನ ಮಾಡಿದ ಆಗ್ಡನ್ ಲಿಂಡ್‌ಸ್ಲಿ 1960ರ ದಶಕದಲ್ಲಿ ಹೇಳಿದ ಮಾತಿದು: ಹೆಣ ಮಾಡಬಲ್ಲದ್ದು ವರ್ತನೆಯಲ್ಲ. ‘ರೇಗಬಾರದು’, ‘ಹೆದರಬಾರದು’, ‘ರಾತ್ರಿ ಮೊಬೈಲ್ ಮುಟ್ಟಬಾರದು’ ಎಲ್ಲವನ್ನೂ ಹೆಣ ನಮಗಿಂತ ಚೆನ್ನಾಗಿ ಮಾಡುತ್ತದೆ. ಕೇಳಲು ಕಟುವಾಗಿದ್ದರೂ ಇಷ್ಟು ಚುರುಕಾದ ಸೋಸು ಇನ್ನೊಂದಿಲ್ಲ. ‘ಬಾರದು’ ಎಂದು ಮುಗಿಯುವ ಸಾಲುಗಳನ್ನೆಲ್ಲ ಹುಡುಕಿ, ಅದರ ಬದಲು ಏನು ಮಾಡುತ್ತೇನೆ ಎಂದು ಬರೆಯಿರಿ.

ಸೋಸಿದ ಮೇಲೆ ನಮ್ಮ ಬೆಳೆಗಾರನ ಹಾಳೆಯಲ್ಲಿ ಎರಡು ಸಾಲು ಉಳಿದವು ಎಂದುಕೊಳ್ಳಿ: ಹಣದ ವಿಷಯ ಹೆಂಡತಿಯೊಂದಿಗೆ ಬಿಚ್ಚಿ ಮಾತಾಡುವವನು, ಗಿಡ ಚೆನ್ನಾಗಿದ್ದರೂ ಕೆಟ್ಟಿದ್ದರೂ ಅದರ ಹತ್ತಿರ ಹೋಗಿ ನೋಡುವ ತೋಟಗಾರ. ಎರಡು ಸಾಕು.

ತಲೆಯೊಳಗಿನ ಮಾತಿನಿಂದ ಒಂದು ಮಾರು ದೂರ ನಿಲ್ಲುವುದು

‘ನನ್ನ ಕೈಯಲ್ಲಿ ಹಾಳಾಯ್ತು’ ಎಂಬುದು ನಿಜವೋ ಸುಳ್ಳೋ ಎಂದು ಆಕ್ಟ್ ವಾದಕ್ಕೆ ಕೂರುವುದಿಲ್ಲ. ವಾದಕ್ಕೆ ಕೂತರೆ ಬೆಳಗಾಗುತ್ತದೆ, ಗಿಡ ಅಲ್ಲೇ ಇರುತ್ತದೆ. ಅದನ್ನು ಅದುಮಿಡಲೂ ಹೇಳುವುದಿಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಪ್ರಯೋಗವೊಂದರಲ್ಲಿ ಭಾಗವಹಿಸಿದವರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ ಎಂದರು. ಅವರಿಗೆ ಅದನ್ನು ದೂರವಿಡಲು ಆಗಲಿಲ್ಲ. ಸಾಲದ್ದಕ್ಕೆ, ನಂತರ ನೆನೆಯಬಹುದು ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ನೆನಪಾಯಿತು.

ಬದಲಿಗೆ ಹೀಗೆ ಮಾಡಿ. ಆ ಸಾಲನ್ನು ಮನಸ್ಸಿಗೆ ತಂದುಕೊಂಡು ಹತ್ತು ಸೆಕೆಂಡ್ ಅದರೊಳಗೇ ಇರಿ. ಆಮೇಲೆ ಅದೇ ಸಾಲಿನ ತುದಿಗೆ ‘ಎಂಬ ಯೋಚನೆ ನನಗೆ ಬರುತ್ತಿದೆ’ ಎಂದು ಸೇರಿಸಿ ಹೇಳಿಕೊಳ್ಳಿ. ಇನ್ನೊಂದು ಸಲ, ‘ಎಂಬ ಯೋಚನೆ ಬರುತ್ತಿರುವುದನ್ನು ಗಮನಿಸುತ್ತಿದ್ದೇನೆ’ ಎಂದು ಮುಗಿಸಿ. ಮಾತು ಬದಲಾಗಿಲ್ಲ, ನೀವು ನಿಂತ ಜಾಗ ಬದಲಾಗಿದೆ.

ಇದು ಹಿಡಿಸದಿದ್ದರೆ ಇನ್ನೊಂದಿದೆ. ಚುಚ್ಚುವ ಸಾಲಿನಿಂದ ಒಂದೇ ಪದ ಆರಿಸಿ, ಇಲ್ಲಿ ‘ಹಾಳು’. ಯಾರೂ ಇಲ್ಲದ ಕಡೆ ಅದನ್ನು ಜೋರಾಗಿ, ಬೇಗ ಬೇಗ, 30 ಸೆಕೆಂಡ್ ಹೇಳಿ: ಹಾಳು ಹಾಳು ಹಾಳು ಹಾಳು. ಸ್ವಲ್ಪ ಹೊತ್ತಿನಲ್ಲೇ ಅರ್ಥ ಕಳಚಿಕೊಂಡು ಬರೀ ನಾಲಿಗೆಯ ಸದ್ದು ಉಳಿಯುತ್ತದೆ. ನೂರು ವರ್ಷ ಹಿಂದೆ ಎಡ್ವರ್ಡ್ ಟಿಚನರ್ ಎಂಬ ಮನಶ್ಶಾಸ್ತ್ರಜ್ಞ ಗಮನಿಸಿದ್ದ ಸಂಗತಿಯಿದು, ಆಕ್ಟ್‌ನವರು ಎತ್ತಿಕೊಂಡರು. ಪದ ಉದ್ದವಾದರೆ ಪರಿಣಾಮ ಸರಿಯಾಗಿ ಬರುವುದಿಲ್ಲ, ಎರಡು ಮೂರು ಅಕ್ಷರದ್ದೇ ಇರಲಿ. ಸಾವು, ದೌರ್ಜನ್ಯದಂಥ ಗಾಯಕ್ಕೆ ಅಂಟಿಕೊಂಡ ಪದದ ಮೇಲೆ ಇದನ್ನು ಒಬ್ಬರೇ ಪ್ರಯೋಗಿಸಬೇಡಿ.

ಕೆಡುವುದು ಎಲ್ಲಿ ಎಂದರೆ, ಎರಡು ಸಲ ಮಾಡಿ ‘ಯೋಚನೆ ಹೋಗಲೇ ಇಲ್ಲ, ಇದು ಕೆಲಸ ಮಾಡುವುದಿಲ್ಲ’ ಎಂದಾಗ. ಯೋಚನೆ ಹೋಗಲಿ ಎಂದು ಮಾಡಿದರೆ ಇದೂ ಮೇಲಿನ ಎಡ ಮನೆಯ ಇನ್ನೊಂದು ಕೆಲಸವೇ ಆಯಿತು. ಆ ಮಾತು ಒಳಗಿರುವಾಗಲೇ ಚಪ್ಪಲಿ ಮೆಟ್ಟಿ ಹೊರಡಲು ಸಾಧ್ಯವಾಯಿತೇ ಎಂಬುದನ್ನಷ್ಟೇ ನೋಡಿ.

ಎದೆ ಬಿಗಿತಕ್ಕೆ ಜಾಗ ಕೊಡುವುದು

ಸ್ವೀಕಾರ ಎಂದರೆ ‘ಹಣೆಬರಹ, ಇರಲಿ ಬಿಡು’ ಎನ್ನುವುದು ಎಂದು ಅನೇಕರು ಭಾವಿಸುತ್ತಾರೆ. ಇಲ್ಲ. ಬೋರರ್ ಅನ್ನು ಸ್ವೀಕರಿಸಬೇಕಿಲ್ಲ, ಗಿಡ ಕಿತ್ತು ಸುಡಬೇಕು. ಬ್ಯಾಂಕಿನ ನೋಟಿಸನ್ನು ಒಪ್ಪಿಕೊಂಡು ಸುಮ್ಮನಿರಬೇಕಿಲ್ಲ, ಹೋಗಿ ಕಂತಿನ ವಿಷಯ ಮಾತಾಡಬೇಕು. ಅವನ್ನು ಮಾಡಲು ಹೊರಟಾಗ ಒಳಗೆ ಏಳುವ ಬಿಗಿತ, ಕಳವಳಗಳನ್ನು ಮಾತ್ರ ತಳ್ಳದೆ ಇರಗೊಡುವುದು ಸ್ವೀಕಾರ.

ಅಭ್ಯಾಸಕ್ಕೆ ಮೂರು ನಿಮಿಷ ಸಾಕು. ಕುರ್ಚಿಯಲ್ಲಿ ಕೂತು ಪಾದ ನೆಲಕ್ಕೆ ಊರಿ. ಲಕೋಟೆಯನ್ನು ಎದುರಿಗೆ ಇಡಿ, ಒಡೆಯುವುದು ಬೇಡ. ಮೈಯಲ್ಲಿ ಎಲ್ಲಿ ಏನಾಗುತ್ತಿದೆ ಹುಡುಕಿ. ಬಿಗಿತ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ? ಚರ್ಮದ ಹತ್ತಿರವೋ ಆಳದಲ್ಲೋ? ಬಿಸಿಯೋ ತಣ್ಣಗೋ, ಒಂದೇ ಸಮವೋ ಬಂದು ಹೋಗುತ್ತದೋ? ಹೀಗೆ ನೋಡುತ್ತಾ ಉಸಿರನ್ನು ತಾನಾಗಿ ಆಡಲು ಬಿಡಿ. ತಡೆಯಲಾರೆ ಎನಿಸಿದರೆ ಕಣ್ಣೆತ್ತಿ ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ, ಅಲ್ಲಿಗೆ ನಿಲ್ಲಿಸಿ.

ಇಲ್ಲೊಂದು ಸೂಕ್ಷ್ಮವಿದೆ. ಎಷ್ಟು ಹೊತ್ತು, ಯಾವ ಸಂದರ್ಭದಲ್ಲಿ ಎಂಬುದನ್ನು ನೀವು ಚಿಕ್ಕದು ಮಾಡಬಹುದು: ಮೂರು ನಿಮಿಷ, ಒಂದೇ ಸಾಲು ಗಿಡ. ಆದರೆ ‘ಬಿಗಿತ ಇಷ್ಟಕ್ಕಿಂತ ಹೆಚ್ಚಾದರೆ ಒಪ್ಪುವುದಿಲ್ಲ’ ಎಂಬ ಕರಾರು ಹಾಕುವಂತಿಲ್ಲ. ಕರಾರು ಹಾಕಿದ ಕೂಡಲೇ ಮನಸ್ಸು ಅದರ ಕಾವಲಿಗೆ ನಿಲ್ಲುತ್ತದೆ, ಕಾವಲು ಕಾಯುವುದರಿಂದಲೇ ಬಿಗಿತ ಏರುತ್ತದೆ.

ಖಾಲಿ ಬಿಟ್ಟ ಮನೆಯನ್ನು ತುಂಬುವುದು

ಈಗ ಮೇಲಿನ ಬಲ ಮನೆಗೆ ಬನ್ನಿ. ಒಂದು ಮೌಲ್ಯಕ್ಕೆ ಒಂದೇ ಕೆಲಸ. ಯಾವ ದಿನ, ಎಷ್ಟು ಗಂಟೆ, ಎಲ್ಲಿ, ಎಷ್ಟು ಹೊತ್ತು ಎಂದು ಬರೆಯಿರಿ. ಅದರ ಕೆಳಗೆ, ಆಗ ಒಳಗೆ ಏನೇನು ಬರಬಹುದು ಎಂದೂ ಬರೆಯಿರಿ. ಮಾಡುವ ನಂಬಿಕೆ ಹತ್ತಕ್ಕೆ ಎಷ್ಟು ಎಂದು ಕೇಳಿಕೊಳ್ಳಿ. ಏಳಕ್ಕಿಂತ ಕಡಿಮೆ ಬಂದರೆ ಕೆಲಸವನ್ನು ಅರ್ಧ ಮಾಡಿ.

ನಮ್ಮ ಬೆಳೆಗಾರನ ಮೊದಲ ಬರಹ ‘ಈ ವಾರ ನಾಲ್ಕು ಎಕರೆಯೂ ಬೋರರ್ ಟ್ರೇಸಿಂಗ್ ಮುಗಿಸುವುದು’. ನಂಬಿಕೆ ಹತ್ತಕ್ಕೆ ಮೂರು. ಅರ್ಧ ಮಾಡಿದ, ಮತ್ತೆ ಅರ್ಧ ಮಾಡಿದ. ಕೊನೆಗೆ ನಿಂತದ್ದು: ‘ಸೋಮವಾರ ಬೆಳಿಗ್ಗೆ ಏಳಕ್ಕೆ, ಕೆಳಗಿನ ತೋಟದ ಮೊದಲ ಎರಡು ಸಾಲು, 20 ನಿಮಿಷ. ಪ್ರತಿ ಗಿಡದ ಕಾಂಡ ನೋಡಿ, ಉಬ್ಬು ಗೆರೆ ಇದ್ದರೆ ಬಣ್ಣದ ಬಟ್ಟೆ ಕಟ್ಟುವುದು. ಕೀಳುವುದು ಆ ದಿನ ಬೇಡ.’ ನಂಬಿಕೆ ಎಂಟು. ಕೆಳಗೆ: ‘ಎದೆ ಬಿಗಿಯುತ್ತದೆ, ಅಪ್ಪ ನೆನಪಾಗುತ್ತಾರೆ.’

ಸೋಮವಾರ ಅವನು ಹೋದ. ಐದನೇ ಗಿಡದಲ್ಲೇ ಗೆರೆ ಕಂಡಿತು, ಹಳೇ ಮಾತು ಶುರುವಾಯಿತು. ‘ಎಂಬ ಯೋಚನೆ ಬರುತ್ತಿದೆ’ ಎಂದು ಸೇರಿಸಿ, ಬಟ್ಟೆ ಕಟ್ಟಿ, ಆರನೇ ಗಿಡಕ್ಕೆ ಹೋದ. ಎರಡು ಸಾಲಿನಲ್ಲಿ ನಾಲ್ಕು ಗಿಡ ಸಿಕ್ಕಿದವು. ಬಿಗಿತ ಮನೆಗೆ ಬರುವವರೆಗೂ ಇತ್ತು. ಬುಧವಾರ ಹೋಗಲಿಲ್ಲ, ಮಳೆ ನೆಪವಾಯಿತು. ಗುರುವಾರ ಹಾಳೆ ತೆಗೆದು ಬುಧವಾರದ ‘ಮಳೆ’ಯನ್ನು ಮೇಲಿನ ಎಡ ಮನೆಯಲ್ಲಿ ಬರೆದು, ಶುಕ್ರವಾರಕ್ಕೆ ಮತ್ತೆರಡು ಸಾಲು ಇಟ್ಟುಕೊಂಡ. ಬಿಟ್ಟುಹೋದ ದಿನವನ್ನು ಬೈದುಕೊಳ್ಳದೆ ಹೀಗೆ ಹಾಳೆಗೆ ಸೇರಿಸಿ ಮತ್ತೆ ಹೊರಡುವುದೇ ಬದ್ಧತೆ. ಒಂದು ದಿನವೂ ತಪ್ಪಿಸದಿರುವುದಲ್ಲ. ಭಾನುವಾರ ಊಟವಾದ ಮೇಲೆ ಹೆಂಡತಿಯನ್ನು ಕರೆದು, ‘ಬ್ಯಾಂಕಿಂದ ಕಾಗದ ಬಂದಿದೆ, ನಾನು ಒಡೆದಿಲ್ಲ. ಕೂತ್ಕೋ, ಇಬ್ಬರೂ ಸೇರಿ ನೋಡೋಣ’ ಎಂದ. ಅವಳು ಸಿಟ್ಟಾದಳು, ‘ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?’ ಎಂದಳು. ಮೌಲ್ಯದ ಕಡೆಗಿನ ಹೆಜ್ಜೆಗೆ ತಕ್ಷಣ ಒಳ್ಳೆಯ ಫಲವೇ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಸಾಲದ ಮೊತ್ತ ಆ ರಾತ್ರಿಯೂ ಅಷ್ಟೇ ಇತ್ತು, ಆದರೆ ಈಗ ಎಷ್ಟು ಎಂದು ಇಬ್ಬರಿಗೂ ಗೊತ್ತು.

ನಾಲ್ಕು ವಾರ ಹೀಗೆ ನಡೆಸಿ. ಪ್ರತಿ ರಾತ್ರಿ ಎರಡೇ ಅಂಕಿ: ಇವತ್ತು ಬಲಗಡೆಯ ಎಷ್ಟು ಕೆಲಸ, ಎಡಗಡೆಯ ಎಷ್ಟು. ಆತಂಕ ಎಷ್ಟಿತ್ತು ಎಂದು ಬರೆಯಲು ಹೋಗಬೇಡಿ, ಅದನ್ನು ಅಳೆಯಲು ಶುರು ಮಾಡಿದರೆ ಇಳಿಸುವುದೇ ಗುರಿಯಾಗಿಬಿಡುತ್ತದೆ. ಸಾಮಾನ್ಯವಾಗಿ ದಿನ ಕಳೆದಂತೆ ಆತಂಕವೂ ತಗ್ಗುತ್ತದೆ, ಆದರೆ ಅದನ್ನು ಕಾಯುತ್ತಾ ಕೂರಬೇಡಿ. ಬಲಗಡೆಯ ಅಂಕಿ ಮೇಲೇರದಿದ್ದರೆ ಎರಡು ಕಾರಣ ನೋಡಿ: ಕೆಲಸ ಇನ್ನೂ ದೊಡ್ಡದಿದೆ, ಇಲ್ಲವೇ ಬರೆದ ಮೌಲ್ಯ ನಿಮ್ಮದಲ್ಲ, ಅಪ್ಪನದೋ ಊರಿನದೋ ಇದೆ.

ಹಾಳೆ ಸಾಲದಾಗ

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ, ಎಡ ಮನೆಯಲ್ಲಿ ದಿನವೂ ಕುಡಿತ ಬರುತ್ತಿದ್ದರೆ, ಹಳೆಯ ಆಘಾತದ ನೆನಪು ಎದ್ದು ನಿಲ್ಲುತ್ತಿದ್ದರೆ, ಒಬ್ಬರೇ ಹಾಳೆ ಹಿಡಿದು ಕೂರುವುದು ಸರಿಯಲ್ಲ. ಸಾಯುವ ಯೋಚನೆ ಬಂದರಂತೂ ಈ ದೂರ ನಿಲ್ಲುವ ಅಭ್ಯಾಸಗಳಿಂದ ಅದನ್ನು ನಿಭಾಯಿಸಲು ಹೋಗಬೇಡಿ, ಆ ಗಳಿಗೆಯಲ್ಲೇ ಮನೆಯವರಿಗೆ ಹೇಳಿ. ತೋಟದ ಮನೆಯಲ್ಲಿ ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳಿದ್ದರೆ ಬೀಗ ಹಾಕಿ ಕೀ ಬೇರೆಯವರ ಕೈಗೆ ಕೊಡಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸರ್ಕಾರಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವನ್ನು ಕೇಳಿ ಹೋಗಿ. ಮಾತ್ರೆ ಬರೆದುಕೊಟ್ಟರೆ ಅದಕ್ಕೂ ಆಕ್ಟ್‌ಗೂ ಜಗಳವಿಲ್ಲ, ಎರಡೂ ಒಟ್ಟಿಗೆ ನಡೆಯುತ್ತವೆ. ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಈ ಅಭ್ಯಾಸ ನಂಬಿ ನಿಲ್ಲಿಸಬೇಡಿ. ಆಪ್ತಸಮಾಲೋಚಕರ ಬಳಿ ಹೋಗುವಾಗ ತುಂಬಿಸಿದ ಹಾಳೆಯನ್ನು ಜೊತೆಗೆ ಒಯ್ಯಿರಿ. ಅವರಿಗೆ ಆಕ್ಟ್ ಗೊತ್ತಿರಲಿ ಬಿಡಲಿ, ಮೊದಲ ಭೇಟಿಯಲ್ಲಿ ಅವರು ಕೇಳಬೇಕಾದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಆ ನಾಲ್ಕು ಮನೆಗಳಲ್ಲೇ ಇರುತ್ತದೆ.